ಮಂಡಿ ದರ ಈಗ ವಾಟ್ಸ್‌ಆ್ಯಪ್ ಚಾನಲ್‌ನಲ್ಲಿ: ಸೇರುವುದು ಹೇಗೆ, ದರ ಓದುವುದು ಹೇಗೆ, ಲೆಕ್ಕ ಹಾಕುವುದು ಹೇಗೆ

ಕೋಲಾರ ಎಪಿಎಂಸಿಯಲ್ಲಿರುವ ನಮ್ಮ ತರಕಾರಿ ಮಂಡಿಯ ದರ ಇನ್ನು ಮುಂದೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬರುವುದಿಲ್ಲ, ಚಾನಲ್‌ನಲ್ಲಿ ಬರುತ್ತದೆ. ಬೆಳಗಾದರೆ "ಅಣ್ಣಾ, ಇವತ್ತು ಟೊಮೆಟೊ ಎಷ್ಟು ಹೋಯ್ತು?" ಎಂದು ಫೋನ್ ಮಾಡುವ ಅಂಗಡಿಯವರು, ಹೋಟೆಲ್‌ನವರು, ಅಡುಗೆ ಕಾಂಟ್ರಾಕ್ಟ್ ಹಿಡಿಯುವವರು, ಮಾಲು ಹಾಕುವ ರೈತರು, ಎಲ್ಲರಿಗಾಗಿಯೂ ಇದನ್ನು ಬರೆದಿದ್ದೇನೆ. ಚಾನಲ್ ಸೇರಲು ಎರಡು ನಿಮಿಷ ಸಾಕು. ದರ ಓದುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹಾಗಾಗಿ ಈ ಬರಹದ ಬಹುಪಾಲು ಅದಕ್ಕೇ ಹೋಗಿದೆ. ಚಾನಲ್‌ನ ಮೊದಲ ಪೋಸ್ಟ್ ಇದೇ. ಯಾರಿಗೆ ಬೇಕಾದರೂ ಫಾರ್ವರ್ಡ್ ಮಾಡಿ.

ಗ್ರೂಪ್ ಬಿಟ್ಟದ್ದಕ್ಕೆ ಕಾರಣ ಇದೆ. ಗ್ರೂಪ್‌ಗೆ 1,024 ಜನರ ಮಿತಿ. ಅದು ತುಂಬಿದ ಮೇಲೆ ಎರಡನೇ ಗ್ರೂಪ್, ಮೂರನೇ ಗ್ರೂಪ್ ಎಂದು ಮಾಡುತ್ತಾ ಹೋಗಬೇಕು. ದರ ಹಾಕಿದ ಹತ್ತು ನಿಮಿಷಕ್ಕೆ ಅದರ ಮೇಲೆ ಶುಭೋದಯದ ಚಿತ್ರ, ಯಾರದೋ ಟ್ರ್ಯಾಕ್ಟರ್ ಮಾರಾಟ, ಚುನಾವಣೆ ಜಗಳ ಎಲ್ಲ ಬಂದು ಕೂತು, ದರ ಎಲ್ಲಿದೆ ಎಂದು ಮೇಲೆ ಕೆಳಗೆ ಹುಡುಕಬೇಕು. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಯಾವ ಹೋಟೆಲ್‌ನವರು ಎಲ್ಲಿ ಮಾಲು ತೆಗೆಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತಾಗುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಚಾನಲ್‌ನಲ್ಲಿ ಹಾಕುವವರು ನಾವು ಮಾತ್ರ, ನೀವು ನೋಡುತ್ತೀರಿ. ನಿಮ್ಮ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣುವುದಿಲ್ಲ. ನಿಮ್ಮ ನಂಬರ್ ನಮ್ಮ ಫೋನ್‌ನಲ್ಲಿ ಮೊದಲೇ ಸೇವ್ ಆಗಿದ್ದರೆ ಹೊರತು, ಸೇರಿದವರು ನೀವೇ ಎಂದು ನಮಗೂ ತಿಳಿಯುವುದಿಲ್ಲ.

ಸೇರುವ ಕ್ರಮ

ಮೊದಲು ಫೋನ್‌ನಲ್ಲಿ ವಾಟ್ಸ್‌ಆ್ಯಪ್ ಹೊಸ ಆವೃತ್ತಿ ಇದೆಯೇ ನೋಡಿಕೊಳ್ಳಿ. ಚಾನಲ್ ಸೌಲಭ್ಯ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಆವೃತ್ತಿಯನ್ನೇ ಇಟ್ಟುಕೊಂಡಿದ್ದರೆ ಲಿಂಕ್ ಒತ್ತಿದರೂ ಚಾನಲ್ ತೆರೆಯದು. ಪ್ಲೇ ಸ್ಟೋರ್‌ನಲ್ಲೋ ಆ್ಯಪ್ ಸ್ಟೋರ್‌ನಲ್ಲೋ ಅಪ್‌ಡೇಟ್ ಮಾಡಿಕೊಂಡು ಮುಂದುವರಿಯಿರಿ.

ಸೇರಲು ಮೂರು ದಾರಿಗಳಿವೆ. ನಿಮ್ಮ ಕೈಯಲ್ಲಿ ಏನಿದೆಯೋ ಅದನ್ನು ಹಿಡಿಯಿರಿ.

1. ಈ ಪೋಸ್ಟ್ ನಿಮಗೆ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಅದರ ಕೆಳಗೆ `View channel` ಎಂದಿರುತ್ತದೆ. ಅದನ್ನು ಒತ್ತಿ.
2. ಮಂಡಿಗೆ ಬಂದವರಿಗೆ ಗಲ್ಲಾ ಪಕ್ಕದ ಗೋಡೆಯ ಮೇಲೆ, ನಾವು ಕೊಡುವ ಚೀಟಿಯ ಹಿಂಬದಿಯಲ್ಲಿ ಚಾನಲ್‌ನ ಕ್ಯೂಆರ್ ಕೋಡ್ ಇದೆ. ಫೋನ್ ಕ್ಯಾಮೆರಾ ಹಿಡಿದರೆ ಸಾಕು.
3. ಮಂಡಿ ನಂಬರಿಗೆ "ಚಾನಲ್" ಎಂದು ಒಂದು ಮೆಸೇಜ್ ಹಾಕಿ, ಲಿಂಕ್ ಕಳಿಸುತ್ತೇವೆ. ಲಿಂಕ್ `https://whatsapp.com/channel/` ಎಂದೇ ಶುರುವಾಗಬೇಕು, ಅದರ ಮುಂದೆ ಅಕ್ಷರ, ಅಂಕಿಗಳ ಉದ್ದ ಸಾಲು ಇರುತ್ತದೆ. ಬೇರೆ ಥರ ಶುರುವಾಗುವ ಲಿಂಕ್ ನಮ್ಮದಲ್ಲ.

ಮೂರರಲ್ಲಿ ಯಾವ ದಾರಿಯಲ್ಲಿ ಬಂದರೂ ಚಾನಲ್‌ನ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ `Follow` ಒತ್ತಿ. ಫೋನ್ ಕನ್ನಡದಲ್ಲಿದ್ದರೆ ಅದೇ ಜಾಗದಲ್ಲಿ ಕನ್ನಡ ಪದ ಇರುತ್ತದೆ. ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ, ದುಡ್ಡೂ ಇಲ್ಲ. ವಾಟ್ಸ್‌ಆ್ಯಪ್ ಒಳಗಿನ ಹುಡುಕಾಟದಲ್ಲಿ ಹೆಸರು ಹಾಕಿ ಹುಡುಕಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. "ಕೋಲಾರ ಟೊಮೆಟೊ" ಎಂಬಂಥ ಹೆಸರಿನಲ್ಲಿ ಯಾರು ಬೇಕಾದರೂ ಚಾನಲ್ ತೆರೆಯಬಹುದು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, ಎರಡು ದಿನ ಬಿಟ್ಟು "ಸೇರಿದ್ದೀನಿ, ದರ ಬರ್ತಾನೇ ಇಲ್ಲ" ಎನ್ನುತ್ತಾರೆ. ದರ ಬಂದಿರುತ್ತದೆ, ಫೋನ್ ಸದ್ದು ಮಾಡಿರುವುದಿಲ್ಲ. ಯಾವುದೇ ಚಾನಲ್ ಸೇರಿದಾಗ ಅದರ ನೋಟಿಫಿಕೇಶನ್ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಚಾನಲ್ ತೆರೆದಾಗ ಮೇಲ್ಭಾಗದಲ್ಲಿ ಗಂಟೆಯ ಗುರುತು ಕಾಣುತ್ತದೆ, ಅದರ ಮೇಲೆ ಅಡ್ಡಗೆರೆ ಇದ್ದರೆ ಸದ್ದು ಬಂದ್ ಎಂದರ್ಥ. ಅದನ್ನು ಒಮ್ಮೆ ಒತ್ತಿ ಅಡ್ಡಗೆರೆ ಹೋಗಿದೆಯೇ ನೋಡಿ. ಗಂಟೆ ಕಾಣದಿದ್ದರೆ ಚಾನಲ್‌ನ ಹೆಸರಿನ ಮೇಲೆ ಒತ್ತಿ, ಒಳಗೆ ಮ್ಯೂಟ್ ತೆಗೆಯುವ ಜಾಗ ಸಿಗುತ್ತದೆ.

ಇನ್ನೊಂದು ಗೊಂದಲ ಜಾಗದ್ದು. ಚಾನಲ್‌ಗಳು ಮಾಮೂಲಿ ಚಾಟ್ ಪಟ್ಟಿಯಲ್ಲಿ ಇರುವುದಿಲ್ಲ. `Updates` ಎಂಬ ಪಕ್ಕದ ಟ್ಯಾಬ್‌ನಲ್ಲಿ, ಸ್ಟೇಟಸ್‌ಗಳ ಕೆಳಗೆ ಇರುತ್ತವೆ. ಸಂಬಂಧಿಕರ ಮದುವೆ ಸ್ಟೇಟಸ್‌ಗಳನ್ನು ದಾಟಿ ಸ್ವಲ್ಪ ಕೆಳಗೆ ಸರಿಸಿದರೆ ಸಿಕ್ಕುತ್ತದೆ. ಕೀಪ್ಯಾಡ್ ಫೋನ್ ಇಟ್ಟುಕೊಂಡಿರುವ ರೈತರಿಗೆ ಇದು ಆಗುವುದಿಲ್ಲ. ಅವರು ಮೊದಲಿನಂತೆ ಫೋನ್ ಮಾಡಬಹುದು, ಇಲ್ಲವೇ ಮನೆಯಲ್ಲಿ ಓದುವ ಮಕ್ಕಳ ಫೋನ್‌ನಲ್ಲಿ ಸೇರಿಸಿಕೊಳ್ಳಬಹುದು.

ದಿನಕ್ಕೆ ಮೂರು ಪೋಸ್ಟ್

ಮೊದಲನೆಯದು ಹರಾಜಿಗೆ ಮುಂಚೆ ಬರುತ್ತದೆ. ಅದರಲ್ಲಿ ದರ ಇರುವುದಿಲ್ಲ, ಆವಕ ಮಾತ್ರ ಇರುತ್ತದೆ. ಮಾಲು ನಿನ್ನೆಗಿಂತ ಹೆಚ್ಚೋ ಕಮ್ಮಿಯೋ, ಮಳೆ ನೀರು ಕುಡಿದ ಮಾಲು ಬಂದಿದೆಯೋ, ಹೊರರಾಜ್ಯದ ಲಾರಿಗಳು ನಿಂತಿವೆಯೋ ಎಂಬುದನ್ನು ಎರಡು ಮೂರು ಸಾಲಿನಲ್ಲಿ ಹೇಳುತ್ತೇವೆ. ಎರಡನೆಯದು ಹರಾಜು ಮುಗಿದ ಮೇಲಿನ ದರ. ನಿಮಗೆ ಬೇಕಾದದ್ದು ಇದೇ. ಮೂರನೆಯದು ಸಂಜೆಯದು. ಉಳಿದ ಮಾಲು ಎಷ್ಟು, ಅದಕ್ಕೆ ಏನು ದರ ಎಂದು. ಉಳಿಕೆ ಇಲ್ಲದ ದಿನ ಅದು ಬರುವುದಿಲ್ಲ. ಎಪಿಎಂಸಿ ರಜೆಯ ದಿನ ಯಾವುದೂ ಬರುವುದಿಲ್ಲ. ಹರಾಜೇ ನಡೆಯದ ದಿನ ದರ ಎಂದು ಒಂದು ಅಂಕಿ ಹಾಕಿದರೆ ಅದು ನಮ್ಮ ಊಹೆ ಅಷ್ಟೇ ಆಗುತ್ತದೆ.

ಎರಡನೇ ಪೋಸ್ಟ್ ಹೀಗಿರುತ್ತದೆ. ಇಲ್ಲಿರುವ ಅಂಕಿಗಳು ಓದುವ ರೀತಿ ತೋರಿಸಲು ಇಟ್ಟವು, ಇವತ್ತಿನ ದರ ಅಲ್ಲ.

```
ಮಂಗಳವಾರ, ಹರಾಜು ಮುಗಿದ ದರ
ಟೊಮೆಟೊ (15 ಕೆಜಿ ಬಾಕ್ಸ್)
ದೋರಗಾಯಿ ದಪ್ಪ: 300–450, ಹೆಚ್ಚು ಲಾಟ್ 360
ಕೆಂಪು ಹಣ್ಣು: 240–330, ಹೆಚ್ಚು ಲಾಟ್ 300
ಸಣ್ಣಕಾಯಿ: 120–200, ಹೆಚ್ಚು ಲಾಟ್ 150
ಬೀನ್ಸ್ (10 ಕೆಜಿ): 350–480, ಹೆಚ್ಚು ಲಾಟ್ 400
ಆವಕ: ನಿನ್ನೆಗಿಂತ ಹೆಚ್ಚು
```

ಮೊದಲು ನೋಡಬೇಕಾದದ್ದು ದರವಲ್ಲ, ಅಳತೆ. ಕೋಲಾರದಲ್ಲಿ ಟೊಮೆಟೊ ಮಾತೆಲ್ಲ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಬೀನ್ಸ್ ಥರದವನ್ನು ನಾವು 10 ಕೆಜಿಗೆ ಬರೆಯುತ್ತೇವೆ, ಕೊತ್ತಂಬರಿ, ಪುದೀನವನ್ನು 100 ಕಟ್ಟಿಗೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್ ಜಾಲತಾಣಗಳಲ್ಲಿ ಅದೇ ದರ ಕ್ವಿಂಟಲ್ ಲೆಕ್ಕದಲ್ಲಿರುತ್ತದೆ. ನಮ್ಮ 300 ರೂಪಾಯಿ ಬಾಕ್ಸ್ ಅಲ್ಲಿ 2,000 ಎಂದು ಕಾಣುತ್ತದೆ. ಎರಡೂ ಒಂದೇ, ಕೆಜಿಗೆ 20 ರೂಪಾಯಿ. ಹೋಲಿಸಿ ನೋಡುವವರು ಕ್ವಿಂಟಲ್ ದರವನ್ನು 100ರಿಂದ ಭಾಗಿಸಿ 15ರಿಂದ ಗುಣಿಸಿದರೆ ಬಾಕ್ಸ್ ದರ ಬರುತ್ತದೆ. ನಮ್ಮ ದರವನ್ನು ಹೀಗೆ ಸರ್ಕಾರದ ದರದ ಪಕ್ಕ ಇಟ್ಟು ನೋಡಿ ಎಂದು ನಾವೇ ಹೇಳುತ್ತೇವೆ. ಅಲ್ಲಿಯದು ಇಡೀ ಮಾರುಕಟ್ಟೆಯ ದರ, ಇಲ್ಲಿಯದು ಒಂದು ಮಂಡಿಯದು. ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ದಿನದಿನಕ್ಕೂ ದೂರ ದೂರ ಹೋಗುತ್ತಿದ್ದರೆ ಫೋನ್ ಮಾಡಿ ಕೇಳುವ ಹಕ್ಕು ನಿಮಗಿದೆ.

ಇನ್ನು ಬಾಕ್ಸ್ ಎಂದರೆ 15 ಕೆಜಿ ಎನ್ನುವುದು ಲೆಕ್ಕದ ಮಾತು. ತುಂಬುವ ಕೈ ನೋಡಿಕೊಂಡು ಒಂದರಲ್ಲಿ ಅರ್ಧ ಕೆಜಿ ಹೆಚ್ಚು, ಇನ್ನೊಂದರಲ್ಲಿ ಅರ್ಧ ಕೆಜಿ ಕಮ್ಮಿ ಇರುವುದುಂಟು. ಮಾಲು ಎತ್ತುವ ಮುಂಚೆ ಲಾಟ್‌ನ ನಡುವಿನಿಂದ ಒಂದು ಬಾಕ್ಸ್ ತೆಗೆಸಿ ತಕ್ಕಡಿಗೆ ಇಡಿಸಿ, ಕ್ರೇಟ್‌ನ ತೂಕ ಕಳೆದು ನೋಡಿ. ಮೇಲಿನ ಸಾಲಿನದು ಬೇಡ, ಮೇಲಿನ ಸಾಲು ಯಾವಾಗಲೂ ಚೆನ್ನಾಗಿರುತ್ತದೆ. ಆ ಬಾಕ್ಸ್‌ನ ಹಣ್ಣನ್ನು ಖಾಲಿ ಕ್ರೇಟ್‌ಗೆ ಒಮ್ಮೆ ಸುರಿಸಿ ತಳದ ಹಣ್ಣು ನೋಡುವುದೂ ಒಳ್ಳೆಯದೇ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೂರು ಅಂಕಿಗಳಲ್ಲಿ ಯಾವುದು ನಿಮ್ಮದು

ಒಂದೊಂದು ಸಾಲಿನಲ್ಲೂ ಮೂರು ಅಂಕಿ ಇವೆ. ಕನಿಷ್ಠ, ಗರಿಷ್ಠ, ಮತ್ತು ಹೆಚ್ಚು ಲಾಟ್ ಹೋದ ದರ. ಟಿವಿಯಲ್ಲಿ, ಫಾರ್ವರ್ಡ್‌ಗಳಲ್ಲಿ ಓಡಾಡುವುದು ಗರಿಷ್ಠ ದರ ಮಾತ್ರ. "ಕೋಲಾರದಲ್ಲಿ ಇವತ್ತು 450" ಎಂದು ಸುದ್ದಿ ಹಬ್ಬುತ್ತದೆ. ಆ 450ಕ್ಕೆ ಹೋದದ್ದು ಒಂದೆರಡು ಲಾಟ್ ಇರಬಹುದು. ಗಟ್ಟಿ ಕಾಯಿ, ಒಂದೇ ಸೈಜು, ಒಂದು ಕಲೆ ಇಲ್ಲದ ಮಾಲು, ಅದಕ್ಕೆ ಇಬ್ಬರು ಖರೀದಿದಾರರು ಹಟಕ್ಕೆ ಬಿದ್ದು ಕೂಗಿರುತ್ತಾರೆ. ಉಳಿದ ಮಾರುಕಟ್ಟೆಯೆಲ್ಲ 360ರ ಆಸುಪಾಸಿನಲ್ಲೇ ಹೋಗಿರುತ್ತದೆ. ನೀವು ನಂಬಬೇಕಾದದ್ದು ಹೆಚ್ಚು ಲಾಟ್ ದರ. ಸರ್ಕಾರದ ಪಟ್ಟಿಯಲ್ಲಿ ಮಾದರಿ ದರ ಎಂದು ಬರುವುದೂ ಇದೇ.

ಹಾಗೆಂದು ಕನಿಷ್ಠ, ಗರಿಷ್ಠ ಎರಡೂ ದಂಡ ಎಂದಲ್ಲ. ಅವುಗಳ ನಡುವಿನ ಅಂತರ ಮಾಲಿನ ಗುಣ ಹೇಳುತ್ತದೆ. ಅಂತರ ಕಮ್ಮಿ ಇದ್ದರೆ ಬಂದ ಮಾಲು ಹೆಚ್ಚುಕಮ್ಮಿ ಒಂದೇ ಸಮ ಇದೆ ಎಂದರ್ಥ, ಫೋನ್‌ನಲ್ಲಿ ಆರ್ಡರ್ ಕೊಟ್ಟರೂ ಮೋಸ ಹೋಗುವುದಿಲ್ಲ. ಅಂತರ ದೊಡ್ಡದಾಗಿ, ಹೆಚ್ಚು ಲಾಟ್ ದರ ಕನಿಷ್ಠದ ಹತ್ತಿರವೇ ಕೂತಿದ್ದರೆ ಹುಷಾರಾಗಿರಿ. ಮಳೆಯ ಮಾರನೇ ದಿನ ಹೀಗೆ ಆಗುವುದು ಹೆಚ್ಚು. ನೀರು ಕುಡಿದ ಹಣ್ಣಿನ ತೊಟ್ಟಿನ ಸುತ್ತ ಸಣ್ಣ ಬಿರುಕು ಬಿಟ್ಟಿರುತ್ತದೆ, ಅಂಥದ್ದು ಲಾರಿಯಲ್ಲಿ ದೂರ ಹೋಗಲಾರದು. ಹೊರಗಿನ ಖರೀದಿದಾರರು ಅದನ್ನು ಮುಟ್ಟುವುದಿಲ್ಲ. ಗಟ್ಟಿಯಾಗಿ ಉಳಿದ ನಾಲ್ಕು ಲಾಟ್‌ಗೆ ಎಲ್ಲರೂ ಮುಗಿಬೀಳುತ್ತಾರೆ. ಒಂದೇ ದಿನ ದರ ಏರಿದ್ದೂ ನಿಜ, ಬಿದ್ದದ್ದೂ ನಿಜ ಎಂಬಂತೆ ಆಗುತ್ತದೆ. ಅಂಥ ದಿನ ಬಂದು ಕಣ್ಣಾರೆ ನೋಡಿ ತೆಗೆದುಕೊಳ್ಳುವುದೇ ಸರಿ.

ಬಗೆಯ ಹೆಸರುಗಳಲ್ಲೂ ದುಡ್ಡು ಅಡಗಿದೆ. ಹಣ್ಣಾಗಲು ಆಗತಾನೇ ಬಣ್ಣ ತಿರುಗಿದ ದೋರಗಾಯಿ ನಾಲ್ಕಾರು ದಿನ ತಡೆಯುತ್ತದೆ, ಹಾಗಾಗಿ ದೂರದ ಊರುಗಳ ಖರೀದಿದಾರರಿಗೆ ಅದೇ ಬೇಕು, ಅದಕ್ಕೇ ದರ ಹೆಚ್ಚು. ಹೋಟೆಲ್‌ನವರಿಗೆ ನಾಳೆ ಬೆಳಗ್ಗೆಯ ಸಾರಿಗೆ ದೋರಗಾಯಿ ಯಾಕೆ? ಕೆಂಪು ಹಣ್ಣು ಬಾಕ್ಸ್‌ಗೆ 60 ರೂಪಾಯಿ ಕಮ್ಮಿ, ಬಣ್ಣವೂ ಹುಳಿಯೂ ಚೆನ್ನಾಗಿ ಬಿಡುತ್ತದೆ. ರುಬ್ಬಿ ಹಾಕುವ ಕಡೆಗೆ ಸಣ್ಣಕಾಯಿ ಸಾಕು, ಅದು ಮೇಲಿನ ಪಟ್ಟಿಯಲ್ಲಿ ಕೆಜಿಗೆ 10 ರೂಪಾಯಿ. ಅಂಗಡಿಯವರ ಕಥೆ ಬೇರೆ. ಎರಡು ದಿನ ಬುಟ್ಟಿಯಲ್ಲಿ ಕೂರಬೇಕಾದ ಮಾಲಿಗೆ ಅರ್ಧ ದೋರಗಾಯಿ, ಅರ್ಧ ಕೆಂಪು ತೆಗೆದುಕೊಳ್ಳುವವರೇ ಜಾಣರು.

ಆವಕದ ಸಾಲನ್ನು ದರದ ಜೊತೆಗೆ ಇಟ್ಟು ಓದಿ. ಮಾಲು ಹೆಚ್ಚಾಗಿ ದರ ಇಳಿದರೆ ಅದು ಮಾಮೂಲಿ. ಮಾಲು ಹೆಚ್ಚಾಗಿಯೂ ದರ ನಿಂತಿದ್ದರೆ ಹೊರರಾಜ್ಯದವರು ಎತ್ತುತ್ತಿದ್ದಾರೆ ಎಂದರ್ಥ, ಆವಕ ಕಮ್ಮಿಯಾದ ದಿನ ದರ ಜಿಗಿಯುತ್ತದೆ. ಮಾಲು ಕಮ್ಮಿಯಾಗಿಯೂ ದರ ಬಿದ್ದಿದ್ದರೆ ಬೇರೆಲ್ಲೋ ಬೆಳೆ ಬಂದಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಉತ್ತರದ ಕಡೆ ಟೊಮೆಟೊ ಕಮ್ಮಿ, ಆಗ ಕೋಲಾರಕ್ಕೆ ಗಿರಾಕಿ ಹೆಚ್ಚು. ಮಹಾರಾಷ್ಟ್ರದ ನಾಸಿಕ್ ಕಡೆಯ ಮಾಲು ಶುರುವಾಯಿತೆಂದರೆ ಆ ಗಿರಾಕಿ ಅತ್ತ ತಿರುಗುತ್ತಾರೆ.

ಬಾಕ್ಸ್ ದರದಿಂದ ನಿಮ್ಮ ಅಂಗಡಿಯ ದರಕ್ಕೆ

ಚಾನಲ್‌ನಲ್ಲಿ 300 ಎಂದಿದ್ದರೆ ಅಂಗಡಿಗೆ ಅದು ಕೆಜಿಗೆ 20 ಬೀಳುವುದಿಲ್ಲ. ಇದೊಂದನ್ನು ಸರಿಯಾಗಿ ಲೆಕ್ಕ ಹಾಕದೆ ಎಷ್ಟೋ ಹೊಸ ಅಂಗಡಿಗಳು ಮುಚ್ಚಿಹೋಗಿರುವುದನ್ನು ನೋಡಿದ್ದೇವೆ. ಬೆಂಗಳೂರಿನ ಕೆ.ಆರ್. ಪುರದ ಕಡೆಯ ಒಬ್ಬ ಅಂಗಡಿಯವರು 20 ಬಾಕ್ಸ್ ಕೆಂಪು ಹಣ್ಣು ತೆಗೆದರು ಎಂದುಕೊಳ್ಳಿ.

ಮಾಲಿನ ಬೆಲೆ 6,000 ರೂಪಾಯಿ. ಚೀಟಿಯಲ್ಲಿ ಕಮಿಷನ್ ನೂರಕ್ಕೆ 5ರಂತೆ 300. ಹಮಾಲಿ ಬಾಕ್ಸ್‌ಗೆ 5 ರೂಪಾಯಿಯಂತೆ 100. ಬಾಡಿಗೆ ಗಾಡಿಯಲ್ಲಿ ಪಾಲು ಬಾಕ್ಸ್‌ಗೆ 20ರಂತೆ 400. ಒಟ್ಟು 6,800. ತೂಕ 300 ಕೆಜಿ. ಆದರೆ ದಾರಿಯಲ್ಲಿ ಜಜ್ಜಿದ್ದು, ಸಂಜೆಗೆ ಮೆತ್ತಗಾದದ್ದು ಎಂದು ನೂರಕ್ಕೆ 5 ಕೆಜಿ ಹೋದರೂ ಮಾರಲು ಸಿಗುವುದು 285 ಕೆಜಿ. 6,800ನ್ನು 285ರಿಂದ ಭಾಗಿಸಿದರೆ ಕೆಜಿಗೆ 23 ರೂಪಾಯಿ 86 ಪೈಸೆ. ಅಂಗಡಿ ಬಾಡಿಗೆ, ಕರೆಂಟು, ಕೆಲಸದ ಹುಡುಗನ ಸಂಬಳ ಇನ್ನೂ ಸೇರಿಲ್ಲ. ಚಾನಲ್‌ನ 20 ರೂಪಾಯಿ ನೋಡಿ 24ಕ್ಕೆ ಮಾರಿದವರು ಬಿಟ್ಟಿ ಸೇವೆ ಮಾಡಿದ ಹಾಗೆ. ಕಮಿಷನ್, ಹಮಾಲಿ, ಬಾಡಿಗೆ ನಿಮ್ಮ ಕಡೆ ಎಷ್ಟೋ ಅಷ್ಟು ಹಾಕಿಕೊಳ್ಳಿ. ಲೆಕ್ಕದ ದಾರಿ ಇದೇ.

ಇದೇ ಅಂಗಡಿಯವರಿಗೆ ಮಳೆಯ ಮಾರನೇ ದಿನ 270ಕ್ಕೆ ಒಂದು ಲಾಟ್ ಸಿಕ್ಕಿತು ಎನ್ನೋಣ. ಬಾಕ್ಸ್‌ಗೆ 30 ರೂಪಾಯಿ, ಕೆಜಿಗೆ 2 ರೂಪಾಯಿ ಉಳಿತಾಯ ಎಂದು ಕಾಣುತ್ತದೆ. ಮಾಲು 5,400, ಕಮಿಷನ್ 270, ಹಮಾಲಿ, ಬಾಡಿಗೆ ಅದೇ 500, ಒಟ್ಟು 6,170. ನೀರು ಕುಡಿದ ಹಣ್ಣಾದ್ದರಿಂದ ನೂರಕ್ಕೆ 12 ಹಾಳಾಯಿತು ಎಂದರೆ ಮಾರುವುದಕ್ಕೆ ಉಳಿದದ್ದು 264 ಕೆಜಿ. ಕೆಜಿಗೆ 23 ರೂಪಾಯಿ 37 ಪೈಸೆ ಬಿತ್ತು. 2 ರೂಪಾಯಿ ಉಳಿತಾಯ ಅರ್ಧ ರೂಪಾಯಿಗೆ ಬಂದು ನಿಂತಿತು. ನೂರಕ್ಕೆ 15 ಹಾಳಾದರೆ 255 ಕೆಜಿ ಉಳಿದು, ಕೆಜಿಗೆ 24 ರೂಪಾಯಿ 20 ಪೈಸೆಯಾಗುತ್ತದೆ. ಅಗ್ಗದ ಮಾಲೇ ದುಬಾರಿಯಾಯಿತು. ನಿಮ್ಮ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಹಣ್ಣು ಎಸೆಯುತ್ತೀರಿ ಎಂದು ಒಂದು ವಾರ ತೂಗಿ ಬರೆದಿಟ್ಟುಕೊಳ್ಳಿ. ಆ ಅಂಕಿ ಕೈಯಲ್ಲಿದ್ದರೆ ನಮ್ಮ ದರದ ಪೋಸ್ಟ್ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಕ್ರೇಟ್ ವಿಷಯ ಒಂದು ಮಾತು. ಪ್ಲಾಸ್ಟಿಕ್ ಕ್ರೇಟ್ ಮಂಡಿಯದು, ದರದಲ್ಲಿ ಸೇರಿಲ್ಲ. ಅಡ್ವಾನ್ಸ್ ಕಟ್ಟಿ ಒಯ್ದು, ವಾಪಸ್ ತಂದಾಗ ದುಡ್ಡು ತೆಗೆದುಕೊಳ್ಳಿ. ಚೀಟಿಯಲ್ಲಿ ಕ್ರೇಟ್ ಎಣಿಕೆ ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಮಾಲು ಹಾಕುವ ರೈತರಿಗೆ

ಚಾನಲ್‌ನಲ್ಲಿ ಬರುವುದು ಹರಾಜಿನಲ್ಲಿ ಕೂಗಿದ ದರ. ಕರ್ನಾಟಕದ ಎಪಿಎಂಸಿ ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದದ್ದು ಖರೀದಿದಾರರು, ರೈತರ ಪಟ್ಟಿಯಲ್ಲಿ ಅದನ್ನು ಮುರಿಯುವಂತಿಲ್ಲ. ಯಾವ ಮಂಡಿಯಲ್ಲಾದರೂ ಮುರಿದರೆ ಬಿಳಿ ಚೀಟಿ ತೆಗೆದುಕೊಂಡು ಸುಮ್ಮನಾಗಬೇಡಿ, ಬಿಲ್ ಕೇಳಿ, ಎಪಿಎಂಸಿ ಕಾರ್ಯದರ್ಶಿಗಳಿಗೆ ತೋರಿಸಿ. ಈ ಮಾತು ಬರೆದದ್ದಕ್ಕೆ ಅಕ್ಕಪಕ್ಕದವರಿಗೆ ಸಿಟ್ಟು ಬರಬಹುದು, ಬರಲಿ.

ಇವತ್ತಿನ ದರ ನೋಡಿ ನಾಳೆ ಕೀಳುವುದು ಬೇರೆ, ಇವತ್ತಿನ ದರ ನೋಡಿ ನಾಟಿ ಮಾಡುವುದು ಬೇರೆ. ಮೊದಲನೆಯದಕ್ಕೆ ಚಾನಲ್ ನೆರವಾಗುತ್ತದೆ. ಹಣ್ಣು ಗಿಡದಲ್ಲಿ ಎರಡು ದಿನ ತಡೆಯುವಂತಿದ್ದು, ಬೆಳಗಿನ ಆವಕದ ಪೋಸ್ಟ್‌ನಲ್ಲಿ ಮಾಲು ತುಂಬಿ ತುಳುಕುತ್ತಿದೆ ಎಂದಿದ್ದರೆ, ಒಂದು ಕೊಯ್ಲು ಮುಂದೆ ಹಾಕುವ ಯೋಚನೆ ಮಾಡಬಹುದು. ಎರಡನೆಯದಕ್ಕೆ ನಮ್ಮ ದರ ನಂಬಿ ಕೂರಬೇಡಿ. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಅದನ್ನು ನೋಡಿ ಎಷ್ಟೋ ಜನ ನಾರು ತಂದು ನೆಟ್ಟರು. ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಆ ಹೊತ್ತಿಗೆ, ಸೆಪ್ಟೆಂಬರ್ ಹಿಡಿಯುವಷ್ಟರಲ್ಲಿ ದರ ನೆಲ ಕಚ್ಚಿತ್ತು. ಜುಲೈಯ ದರ ಸಿಕ್ಕಿದ್ದು ಯಾರೂ ಕೇಳದ ಕಾಲದಲ್ಲಿ, ಬೇಸಿಗೆಯ ಬಿಸಿಲಿನಲ್ಲಿ ನಾಟಿ ಮಾಡಿ ಗಿಡ ಉಳಿಸಿಕೊಂಡವರಿಗೆ. ನಾಟಿಗೆ ಮುಂಚೆ ಕೇಳಬೇಕಾದದ್ದು ನರ್ಸರಿಯವರನ್ನು. ಈ ತಿಂಗಳು ನಾರು ಎಷ್ಟು ಹೋಗುತ್ತಿದೆ ಎಂದು ಅವರು ಹೇಳಿದರೆ, ಎರಡೂವರೆ ತಿಂಗಳ ನಂತರದ ಆವಕ ಅಲ್ಲೇ ಗೊತ್ತಾಗುತ್ತದೆ.

ಬಗೆ ಬೇರ್ಪಡಿಸಿ ತಂದವರಿಗೆ ಪಟ್ಟಿಯಲ್ಲಿನ ಮೂರು ಸಾಲಿನ ದರವೂ ಸಿಗುತ್ತದೆ. ದಪ್ಪ, ಸಣ್ಣ, ಕೆಂಪು ಎಲ್ಲ ಕಲೆಸಿ ತಂದರೆ ಕೂಗುವವರು ಬಾಕ್ಸ್‌ನಲ್ಲಿ ಕಾಣುವ ಸಣ್ಣಕಾಯಿ ನೋಡಿಯೇ ದರ ಶುರು ಮಾಡುತ್ತಾರೆ.

ಸುಳ್ಳು ದರ, ನಕಲಿ ಚಾನಲ್

ಹಳೇ ದರದ ಸ್ಕ್ರೀನ್‌ಶಾಟ್ ಹೊಸದೆಂದು ಓಡಾಡುವುದು ಎಲ್ಲಕ್ಕಿಂತ ಹೆಚ್ಚು. ಕೊಳ್ಳುವವರು ಕಮ್ಮಿ ಇದ್ದ ದಿನದ್ದನ್ನು ತೋರಿಸುತ್ತಾರೆ, ಮಾರುವವರು ಹೆಚ್ಚಿದ್ದ ದಿನದ್ದನ್ನು. ಚಾನಲ್‌ನಿಂದ ನೇರ ಫಾರ್ವರ್ಡ್ ಆದ ಪೋಸ್ಟ್‌ನಲ್ಲಿ ಚಾನಲ್‌ನ ಹೆಸರು ಇರುತ್ತದೆ, `View channel` ಇರುತ್ತದೆ, ಒತ್ತಿದರೆ ಚಾನಲ್‌ಗೆ ಹೋಗುತ್ತದೆ. ಬರೀ ಅಕ್ಷರ ಕಾಪಿ ಮಾಡಿ ಹಾಕಿದ್ದರಲ್ಲಿ, ಫೋಟೊದಲ್ಲಿ ಅದು ಬರುವುದಿಲ್ಲ. ದರದ ಬಗ್ಗೆ ವಾದ ಬಂದರೆ ಚಾನಲ್ ತೆರೆದು ತಾರೀಕು ನೋಡಿ, ಅಷ್ಟೇ.

ನಾವು ದರ ತಿದ್ದುವುದೂ ಉಂಟು. ಚಾನಲ್ ಪೋಸ್ಟನ್ನು ಹಾಕಿದ ಮೇಲೂ ಬದಲಿಸಬಹುದು, ಬದಲಿಸಿದ್ದರೆ ಸಮಯದ ಪಕ್ಕದಲ್ಲಿ `Edited` ಎಂದು ಕಾಣುತ್ತದೆ. ನಮ್ಮ ಪದ್ಧತಿ ಏನೆಂದರೆ ತಿದ್ದಿದ ಸಾಲಿನ ಮುಂದೆ "ತಿದ್ದಿದೆ" ಎಂದು ಬರೆದು, ಹಳೆಯ ಅಂಕಿಯನ್ನೂ ಉಳಿಸುತ್ತೇವೆ. ಹಾಗೆ ಬರೆಯದೆ ಬರೀ `Edited` ಇದ್ದರೆ ಕಾಗುಣಿತ ತಿದ್ದಿದ್ದೇವೆ, ದರ ಅಲ್ಲ.

ದುಡ್ಡಿನ ವಿಷಯದಲ್ಲಿ ಒಂದೇ ನಿಯಮ. ಚಾನಲ್‌ನಲ್ಲಿ ನಾವು ಎಂದೂ ಹಣ ಕೇಳುವುದಿಲ್ಲ. "ನಾಳೆ ದರ ಏರುತ್ತೆ, ಇವತ್ತೇ ಅಡ್ವಾನ್ಸ್ ಹಾಕಿ ಬುಕ್ ಮಾಡಿ" ಎಂದು ನಮ್ಮ ಮಂಡಿ ಹೆಸರಿನಲ್ಲಿ ಮೆಸೇಜ್ ಬಂದರೆ ಅದು ನಕಲಿ. ದರಪಟ್ಟಿ ಎಂದು ಹೇಳಿ `.apk` ಎಂದು ಕೊನೆಯಾಗುವ ಫೈಲ್ ಬಂದರೆ ಯಾವ ಕಾರಣಕ್ಕೂ ತೆರೆಯಬೇಡಿ, ಅದು ಫೋನ್‌ಗೆ ಆ್ಯಪ್ ಹಾಕಿ ಬ್ಯಾಂಕಿನ ಮೆಸೇಜ್ ಕದಿಯುವ ದಾರಿ. ನಮ್ಮ ದರ ಅಕ್ಷರದಲ್ಲಿ ಬರುತ್ತದೆ, ಇಲ್ಲವೇ ಬೋರ್ಡಿನ ಫೋಟೊ, ಒಮ್ಮೊಮ್ಮೆ ಧ್ವನಿ. ಆ್ಯಪ್, ಓಟಿಪಿ, ಲಾಗಿನ್ ಯಾವುದೂ ಇಲ್ಲ. ತೆರೆದುಬಿಟ್ಟು ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಚಾನಲ್‌ನಲ್ಲಿ ಆಗದ್ದು

ನೀವು ಚಾನಲ್‌ನಲ್ಲಿ ಮರುಮೆಸೇಜ್ ಹಾಕಲು ಆಗುವುದಿಲ್ಲ. ಪೋಸ್ಟ್‌ಗೆ ಎಮೋಜಿ ಒತ್ತಬಹುದು, ನಾವು ಪೋಲ್ ಹಾಕಿದಾಗ ಉತ್ತರಿಸಬಹುದು. ಹಬ್ಬಕ್ಕೆ ಮುಂಚೆ ಯಾವ ತರಕಾರಿ ಎಷ್ಟು ಬೇಕಾಗಬಹುದು ಎಂದು ಪೋಲ್ ಹಾಕುತ್ತೇವೆ, ದಯವಿಟ್ಟು ಅದಕ್ಕೆ ಉತ್ತರಿಸಿ, ಮಾಲು ತರಿಸುವ ಲೆಕ್ಕ ಅದರಿಂದಲೇ ಹಾಕುವುದು. ಆರ್ಡರ್, ಬಾಕಿ, ದೂರು ಇವೆಲ್ಲ ಮೊದಲಿನಂತೆ ಮಂಡಿಯ ಫೋನ್‌ಗೆ. ಆರ್ಡರ್ ಹೇಳುವಾಗ ಬಗೆ, ಬಾಕ್ಸ್ ಎಣಿಕೆ, ಮತ್ತು ನಿಮ್ಮ ಮೇಲಿನ ಮಿತಿ, ಈ ಮೂರನ್ನೂ ಹೇಳಿ. "ಕೆಂಪು 20 ಬಾಕ್ಸ್, 310ರ ಒಳಗೆ" ಎಂದರೆ ನಮಗೆ ಕೈ ಕಟ್ಟಿಲ್ಲ, ನಿಮಗೂ ನಷ್ಟವಿಲ್ಲ. "ಚೆನ್ನಾಗಿರೋದು ಕಳ್ಸಿ ಅಣ್ಣಾ" ಎಂದರೆ ಸಂಜೆ ಚೀಟಿ ನೋಡಿ ಇಬ್ಬರಿಗೂ ಮನಸ್ತಾಪ.

ವಾಟ್ಸ್‌ಆ್ಯಪ್ ಚಾನಲ್‌ನ ಹಳೆಯ ಪೋಸ್ಟ್‌ಗಳನ್ನು ತನ್ನ ಸರ್ವರ್‌ನಲ್ಲಿ 30 ದಿನದಷ್ಟೇ ಇಡುತ್ತದೆ. ಕಳೆದ ವರ್ಷ ಯುಗಾದಿಗೆ ಬೀನ್ಸ್ ಎಷ್ಟಿತ್ತು ಎಂದು ಇಲ್ಲಿ ಹುಡುಕಿದರೆ ಸಿಗದು. ಲೆಕ್ಕ ಇಡುವವರು ದಿನದ ಎರಡನೇ ಪೋಸ್ಟನ್ನು ತಮ್ಮ ನಂಬರಿಗೇ ಫಾರ್ವರ್ಡ್ ಮಾಡಿಕೊಳ್ಳಿ, ಇಲ್ಲವೇ ನೋಟ್‌ಬುಕ್‌ನಲ್ಲಿ ಹೆಚ್ಚು ಲಾಟ್ ದರ ಒಂದನ್ನೇ ಬರೆಯಿರಿ. ಹಿಂದಿನ ವರ್ಷಗಳದು ಬೇಕಾದವರಿಗೆ ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆ, ತಾರೀಕು ಹಾಕಿ ತೆಗೆಯುವ ಅನುಕೂಲ ಇದೆ.

ಬೇಡವೆನಿಸಿದ ದಿನ ಚಾನಲ್‌ನ ಹೆಸರಿನ ಮೇಲೆ ಒತ್ತಿ `Unfollow` ಕೊಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ಬಿಟ್ಟು, ಮುಂದಿನ ಬೆಳೆಗೆ ರೈತರು ಮತ್ತೆ ಸೇರಬಹುದು. ಮತ್ತೆ ಸೇರಿದಾಗ ಗಂಟೆಯ ಗುರುತನ್ನು ಇನ್ನೊಮ್ಮೆ ನೋಡಿಕೊಳ್ಳಿ.